ಎರಡನೆಯ ಚರಣ ಹೋದದ್ದು ಹೀಗೆ

ಕಳೆದ ಮಳೆಗಾಲದಲ್ಲಿ ಕಲಬುರಗಿಯ ಒಂದು ಸಣ್ಣ ಸ್ಟುಡಿಯೋದಲ್ಲಿ ನನ್ನದೇ ಹಾಡಿಗೆ ಕತ್ತರಿ ಹಾಕಬೇಕಾಯಿತು. ಹಾಡು ಸರಿಯಾಗಿ 5 ನಿಮಿಷ, ರೇಡಿಯೊದವರು ಕೊಟ್ಟ ಜಾಗ ಮೂರೂವರೆ ನಿಮಿಷ. ಅಂದರೆ 90 ಸೆಕೆಂಡ್ ತೆಗೆಯಬೇಕು.

ಹಾಡಿನೊಳಗೆ ಮಾತಾಡುವವಳು ಒಬ್ಬ ತಾಯಿ. ಮೊದಲ ಚರಣದಲ್ಲಿ ತೊಗರಿ ಹೊಲ, ಅಲ್ಲಿ ಆಡಿ ಬೆಳೆದ ಮಗ. ಎರಡರಲ್ಲಿ ವಾಡಿ ಜಂಕ್ಷನ್, ಮುಂಬೈ ರೈಲು, ಕಿಟಕಿಯಲ್ಲಿ ಕೊಟ್ಟ ಬುತ್ತಿ. ಮೂರರಲ್ಲಿ ಖಾಲಿ ಮನೆ.

ನನ್ನ ಕಣ್ಣಿಗೆ ಸಪ್ಪೆ ಕಂಡದ್ದು ಮೊದಲನೆಯದು, ಅದರಲ್ಲಿ ಬರೀ ವರ್ಣನೆ. ಆದರೆ ಅದನ್ನು ಕೈಯಿಂದ ಮುಚ್ಚಿ, ಹಾಡು ಗೊತ್ತಿಲ್ಲದ ಪಕ್ಕದ ಮನೆ ಅಕ್ಕನಿಗೆ ಉಳಿದದ್ದನ್ನು ಓದಿದೆ. "ಈಕಿ ಗಂಡಗ ಕಳಸಲಾಕ ಬಂದಾಳೇನ್ರಿ?" ಅಂದರು. ಮಗ ಎಂಬ ಮಾತು ಇದ್ದದ್ದೇ ಮೊದಲ ಚರಣದಲ್ಲಿ. ಮೂರನೆಯದನ್ನು ಮುಚ್ಚಿದರೆ ಹಾಡು ಸ್ಟೇಷನ್ನಿನಲ್ಲೇ ನಿಂತುಬಿಡುತ್ತದೆ. ಎರಡನೆಯದನ್ನು ಮುಚ್ಚಿದಾಗ ಮಾತ್ರ ಮಗ ಹೋಗಿದ್ದಾನೆ ಅಂತ ಮೂರನೆಯದೇ ಹೇಳಿತು. ನನಗೆ ಬಹಳ ಇಷ್ಟವಾದ ರೈಲು ಹೋಯಿತು, ಸಂಕಟವಾಯಿತು.

ಹೋದ ಚರಣ ಮುಂದಿನದರಲ್ಲಿ ಒಂದು ಎಳೆ ಬಿಟ್ಟು ಹೋಗುತ್ತದೆ. ಇಲ್ಲಿ ಮೂರನೆಯದರ ಸಾಲು ಹೀಗಿತ್ತು:

ಅಂದಿನ ಬುತ್ತಿಯ ಗಂಟಿನ ಪರಿಮಳ
ಇಂದಿಗು ಹೋಗದು ಬೆರಳಿಂದ

'ಅಂದಿನ' ಅಂದರೆ ಎಂದಿನ? ಆ ದಿನವೇ ಈಗ ಹಾಡಿನಲ್ಲಿಲ್ಲ. 'ಅಕ್ಕರೆ ಬುತ್ತಿಯ' ಎಂದು ಬರೆದೆ. ನಾಲ್ಕು ಮಾತ್ರೆ ಸರಿಹೋಯಿತು, ಆದರೆ ಅಂದಿನ–ಇಂದಿಗು ಪ್ರಾಸ ಮುರಿದು ಕಿವಿಗೆ ಎಡವಿದಂತಾಯಿತು. ಅರ್ಧ ದಿನದ ಮೇಲೆ ಸಿಕ್ಕಿದ್ದು 'ಕಂದಗೆ ಕಟ್ಟಿದ ಬುತ್ತಿಯ ಪರಿಮಳ'. ಮಾತ್ರೆ ಅಷ್ಟೇ, ಪ್ರಾಸ ಉಳಿಯಿತು, ಮಗನಿಗೆ ಕಟ್ಟಿದ ಬುತ್ತಿ ಎಂಬುದು ಹಿಂದಿನ ಚರಣ ಬೇಡದೆಯೇ ತಿಳಿಯಿತು.

ಇನ್ನು ಹೊಲಿಗೆ. ಚರಣವನ್ನಷ್ಟೇ ಕಿತ್ತರೆ ಅದಕ್ಕೂ ಮೊದಲು ವಾದ್ಯಗಳಷ್ಟೇ ನುಡಿಯುವ ಬಿಟ್ ಮ್ಯೂಸಿಕ್ ಅನಾಥವಾಗುತ್ತದೆ. ಹಾಗಾಗಿ ಮೊದಲ ಚರಣದ ನಂತರದ ಪಲ್ಲವಿಯ ನಡುವೆ ಕತ್ತರಿಸಿ, ಎರಡನೆಯದರ ನಂತರದ ಪಲ್ಲವಿಯಲ್ಲಿ ಅದೇ ಪದ, ಅದೇ ತಾಳದ ಪೆಟ್ಟಿಗೆ ಜೋಡಿಸಿದೆವು. ಎರಡೂ ಕಡೆ ಒಂದೇ ಮಾತು, ಒಂದೇ ರಾಗವಾದ್ದರಿಂದ ದನಿಯ ಅನುರಣನವೂ ಕೂಡಿಕೊಳ್ಳುತ್ತದೆ. ಬಿಟ್ 20, ಚರಣ 45, ಪಲ್ಲವಿ 15, ಒಟ್ಟು 80 ಸೆಕೆಂಡ್ ಹೋಯಿತು. ಉಳಿದ ಹತ್ತನ್ನು ಆರಂಭದ ಸಂಗೀತದಲ್ಲಿ ತೆಗೆದೆವು.

ಕಣ್ಣು ಮುಚ್ಚಿ ತೊಡೆ ಮೇಲೆ ತಾಳ ಹಾಕುತ್ತಾ ಕೇಳಿದೆ. ಜೋಡಿಸಿದ ಜಾಗದಲ್ಲಿ ಕೈ ಸ್ವಲ್ಪ ತಡೆಯಿತು. ನೋಡಿದರೆ ಗಾಯಕಿಯ ಉಸಿರು ಎರಡು ಸಲ ಕೇಳುತ್ತಿತ್ತು. ಒಂದನ್ನು ತೆಗೆದ ಮೇಲೆ ಕೈ ಓಡಿತು.

ಬದಲಾದ ಸಾಲಿಗಾಗಿ ಗಾಯಕಿ ಮತ್ತೆ ಬರಬೇಕಾಯಿತು. ಆ ಒಂದೇ ಸಾಲು ಹಾಡಿಸಿ ಅಂಟಿಸಿದಾಗ ತೇಪೆ ಹಾಕಿದಂತೆ ಕೇಳಿತು. ಅದೇ ಮೈಕು, ಬಾಯಿಂದ ಅಷ್ಟೇ ದೂರ ಇಟ್ಟು, ಹಿಂದಿನ ಸಾಲಿನಿಂದಲೇ ಹಿಡಿದು ಹಾಡಿಸಿದೆವು. ಆಗ ಬುತ್ತಿ ಹಾಡಿನೊಳಗೇ ಬಂದು ಕೂತಿತು.