ಟಾರ್ಕ್ ಸೊನ್ನೆ, ಸ್ಪ್ರಿಂಗ್ ಮಾತ್ರ ಪೂರ್ತಿ ಬಿಗಿ

"ಸರ್, ಕೊನೆಗೆ ಬರುತ್ತಾ ಲಿವರ್ ಹಗುರ ಆಗುತ್ತೆ. ಅಲ್ಲಿ ಸ್ಪ್ರಿಂಗ್ ಸಡಿಲ ಆಗಿರುತ್ತೆ ಅಲ್ವಾ?" ಯಂತ್ರವಿನ್ಯಾಸದ ಕೆಲಸದಲ್ಲಿ ಈ ಪ್ರಶ್ನೆ ನನಗೆ ಎಷ್ಟು ಸಲ ಎದುರಾಗಿದೆಯೋ ಲೆಕ್ಕವಿಲ್ಲ. ಕೇಳಿದವರಲ್ಲಿ ಫಿಟ್ಟರ್‌ಗಳಿದ್ದಾರೆ, ಮಾಲೀಕರಿದ್ದಾರೆ, ಪದವಿ ಮುಗಿಸಿ ಬಂದ ಎಂಜಿನಿಯರ್‌ಗಳೂ ಇದ್ದಾರೆ. ಹಾಗೆ ನಂಬಿದ ಒಬ್ಬ ಫಿಟ್ಟರ್ ಹಗುರವಾಗಿ ನಿಂತಿದ್ದ ಲಿವರ್‌ನ ತಡೆಪಿನ್ ತೆಗೆದ. ಪಕ್ಕಕ್ಕೆ ಬಾಗಿ ಸ್ಪ್ಯಾನರ್ ಎತ್ತಿಕೊಳ್ಳುವಾಗ ಅವನ ತೋಳು ಲಿವರ್‌ಗೆ ತಾಗಿತು, ಅಷ್ಟೇ. ಬೆರಳಿನ ಮೂಳೆ ಬಿರುಕು ಬಿಟ್ಟಿತು. ಬಹಳ ಎಚ್ಚರಿಕೆಯ ಕೆಲಸಗಾರ ಅವನು. "ಕೈಗೆ ಏನೂ ಭಾರ ಅನ್ನಿಸಲಿಲ್ಲ ಸರ್" ಎಂದ. ಅವನ ಕೈ ಹೇಳಿದ್ದು ನಿಜವೇ, ಅದರಿಂದ ಅವನು ಕಟ್ಟಿದ ಊಹೆ ಮಾತ್ರ ತಪ್ಪು.

ಆ ಲಿವರ್‌ನ ಲೆಕ್ಕವನ್ನೇ ಇಲ್ಲಿ ಮಾಡುತ್ತೇನೆ, ಅಳತೆಗಳನ್ನು ಸ್ವಲ್ಪ ದುಂಡಾಗಿಸಿದ್ದೇನೆ. ಲಿವರ್ ಒಂದು ಪಿವಟ್ ಸುತ್ತ ಅಡ್ಡ ಸಮತಲದಲ್ಲಿ ತಿರುಗುತ್ತದೆ, ಹಾಗಾಗಿ ಅದರ ತೂಕ ಲೆಕ್ಕಕ್ಕೆ ಬರುವುದಿಲ್ಲ. ಸ್ಪ್ರಿಂಗ್‌ನ ಒಂದು ತುದಿ ಪಿವಟ್‌ನಿಂದ 100 ಮಿಮೀ ದೂರದಲ್ಲಿ ಚೌಕಟ್ಟಿಗೆ ಸಿಕ್ಕಿಸಿದೆ. ಇನ್ನೊಂದು ತುದಿ ಪಿವಟ್‌ನಿಂದ 60 ಮಿಮೀ ದೂರದಲ್ಲಿ ಲಿವರ್‌ಗೆ ಸಿಕ್ಕಿಸಿದೆ. ಈ ಎರಡು ಕೊಕ್ಕೆಗಳ ನಡುವೆ ಪಿವಟ್‌ನಲ್ಲಿ ಆಗುವ ಕೋನ θ. ಸ್ಪ್ರಿಂಗ್‌ನ ಸಹಜ ಉದ್ದ 50 ಮಿಮೀ, ಒಂದು ಮಿಮೀ ಎಳೆಯಲು 2 ನ್ಯೂಟನ್ ಬೇಕು. ಸದ್ಯಕ್ಕೆ ಲಿವರ್ 60 ಡಿಗ್ರಿಯಿಂದ 180 ಡಿಗ್ರಿವರೆಗೆ ತಿರುಗುವುದನ್ನಷ್ಟೇ ನೋಡೋಣ. 180ರಲ್ಲಿ ಎರಡು ಕೊಕ್ಕೆಗಳೂ ಪಿವಟ್ಟೂ ಒಂದೇ ಗೆರೆಗೆ ಬರುತ್ತವೆ, ಸ್ಪ್ರಿಂಗ್ ಪಿವಟ್‌ನ ಮೇಲೇ ಹಾದುಹೋಗುತ್ತದೆ. ಅದಕ್ಕೇ ಇಂಥ ಕಡೆ ಸ್ಪ್ರಿಂಗನ್ನು ಪಿವಟ್‌ನಿಂದ ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿಸಿ, ಅದಕ್ಕೆ ತಾಗದಂತೆ ಕೂರಿಸುತ್ತಾರೆ.

ಟಾರ್ಕ್ ಎಂದರೆ ಸ್ಪ್ರಿಂಗ್ ಎಳೆಯುವ ಬಲವನ್ನು ಪಿವಟ್‌ನಿಂದ ಸ್ಪ್ರಿಂಗ್‌ನ ಗೆರೆಗೆ ಇರುವ ಲಂಬ ದೂರದಿಂದ ಗುಣಿಸಿದ್ದು. ಲಿವರ್ ತಿರುಗಿದಂತೆ ಇವೆರಡೂ ಬದಲಾಗುತ್ತವೆ, ಅದೂ ಎದುರುಬದುರು ದಿಕ್ಕಿಗೆ. ಸ್ಪ್ರಿಂಗ್ ಉದ್ದವಾದಷ್ಟೂ ಬಲ ಏರುತ್ತದೆ, ಆದರೆ ಅದರ ಗೆರೆ ಪಿವಟ್‌ಗೆ ಹತ್ತಿರವಾಗುತ್ತಾ ಲಂಬ ದೂರ ಕುಗ್ಗುತ್ತದೆ. 60 ಡಿಗ್ರಿಯಲ್ಲಿ ಬಲ 74 ನ್ಯೂಟನ್, ಲಂಬ ದೂರ 59.6 ಮಿಮೀ, ಟಾರ್ಕ್ 4.43 ನ್ಯೂಟನ್-ಮೀಟರ್. 120 ಡಿಗ್ರಿಯಲ್ಲಿ ಬಲ 180ಕ್ಕೆ ಏರಿದ್ದರೂ ಲಂಬ ದೂರ 37 ಮಿಮೀಗೆ ಇಳಿದು, ಟಾರ್ಕ್ 6.68 ಆಗುತ್ತದೆ. 180ರಲ್ಲಿ ಬಲ 220 ನ್ಯೂಟನ್, ಇಡೀ ಓಟದಲ್ಲೇ ಅತಿ ಹೆಚ್ಚು. ಲಂಬ ದೂರ ಸೊನ್ನೆ, ಹಾಗಾಗಿ ಟಾರ್ಕ್ ಕೂಡ ಸೊನ್ನೆ. ಕೈಗೆ ಹಗುರ ಅನ್ನಿಸುವುದು ಇದರಿಂದ. ಸ್ಪ್ರಿಂಗ್ ಸಡಿಲವಾಗಿಲ್ಲ, ಅದರ ಎಳೆತ ಲಿವರನ್ನು ತಿರುಗಿಸುವ ಬದಲು ನೇರ ಪಿವಟ್ ಮೇಲೆ ಬೀಳುತ್ತಿದೆ.

ಈಗ ಲಿವರನ್ನು 60ರಿಂದ 180ಕ್ಕೆ ತಿರುಗಿಸಲು ಬೇಕಾದ ಕೆಲಸದ, ಅಂದರೆ ಶಕ್ತಿಯ, ಲೆಕ್ಕ. ಬಹಳ ಜನ ಎರಡೂ ತುದಿಗಳ ಟಾರ್ಕ್ ಕೂಡಿಸಿ, ಎರಡರಿಂದ ಭಾಗಿಸಿ, ಕೋನದಿಂದ ಗುಣಿಸುತ್ತಾರೆ. ಪಿವಟ್‌ಗೆ ಸುತ್ತಿದ ತಿರುಚು ಸ್ಪ್ರಿಂಗ್‌ಗೆ ಇದು ಸರಿ, ಏಕೆಂದರೆ ಅಲ್ಲಿ ಟಾರ್ಕ್ ಕೋನದೊಂದಿಗೆ ನೇರ ಗೆರೆಯಲ್ಲಿ ಏರುತ್ತದೆ. ಈ ಅಭ್ಯಾಸ ಹುಟ್ಟಿದ್ದೂ ಅಲ್ಲೇ ಇರಬೇಕು. ನಮ್ಮ ಲಿವರ್‌ನಲ್ಲಿ ಟಾರ್ಕ್ ಗುಡ್ಡದಂತೆ ಏರಿ, 100 ಡಿಗ್ರಿ ದಾಟಿದ ಮೇಲೆ 7.1 ಮುಟ್ಟಿ, ಆಮೇಲೆ ಇಳಿಯುತ್ತದೆ. ತುದಿಗಳ ಸರಾಸರಿ ಹಿಡಿದರೆ ಬರುವ ಉತ್ತರ 4.6 ಜೂಲ್. ಗುಡ್ಡದ ಎರಡು ಬುಡಗಳನ್ನು ಅಳೆದು ಗುಡ್ಡದ ಎತ್ತರ ಹೇಳಿದ ಹಾಗೆ.

ಸರಿಯಾದ ದಾರಿ ಅನುಕಲನ. ಕೋನವನ್ನು ತುಂಬ ಚಿಕ್ಕ ಚಿಕ್ಕ ಪಾಲು ಮಾಡಿ, ಪ್ರತಿ ಪಾಲಿನಲ್ಲೂ ಅಲ್ಲಿನ ಟಾರ್ಕನ್ನು ಆ ಪಾಲಿನ ಕೋನದಿಂದ ಗುಣಿಸಿ, ಎಲ್ಲವನ್ನೂ ಕೂಡಿಸುವುದು. ಅಂದರೆ ಟಾರ್ಕ್–ಕೋನ ನಕ್ಷೆಯ ಕೆಳಗಿನ ವಿಸ್ತೀರ್ಣ. ಕೋನ ರೇಡಿಯನ್‌ನಲ್ಲೇ ಇರಬೇಕು. ಡಿಗ್ರಿಯಲ್ಲಿ ಗುಣಿಸಿದರೆ ಉತ್ತರ 57 ಪಟ್ಟು ಉಬ್ಬುತ್ತದೆ. 30 ಡಿಗ್ರಿಗೊಮ್ಮೆ ಟಾರ್ಕ್ ಬರೆದುಕೊಂಡರೆ ಸಿಗುವುದು 4.43, 6.86, 6.68, 4.06, 0. ಒಂದು ಹೆಜ್ಜೆ 0.5236 ರೇಡಿಯನ್. ಸಿಂಪ್ಸನ್ ಸೂತ್ರಕ್ಕೆ ಹಾಕಿದರೆ 10.73 ಜೂಲ್ ಬರುತ್ತದೆ. ಸರಾಸರಿಯ ಉತ್ತರಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಇದನ್ನು ತಾಳೆ ನೋಡಲು ಸುಲಭದ ಉಪಾಯವೊಂದಿದೆ, ನನಗೆ ಅದು ಬಲು ಇಷ್ಟ. ಲಿವರ್ ಒಂದು ಚೂರು dθ ತಿರುಗಿದಾಗ ಸ್ಪ್ರಿಂಗ್ ಎಷ್ಟು ಉದ್ದವಾಗುತ್ತದೆ? ಲಂಬ ದೂರವನ್ನು dθ ಇಂದ ಗುಣಿಸಿದಷ್ಟು. ಟಾರ್ಕ್ T, ಬಲ F, ಸ್ಪ್ರಿಂಗ್ ಉದ್ದವಾದಷ್ಟು dL ಎಂದುಕೊಂಡರೆ, T dθ ಅಂದರೂ F dL ಅಂದರೂ ಒಂದೇ. ಕೋನದ ಗೊಂದಲವೆಲ್ಲ ಕರಗಿ, ಉಳಿಯುವುದು ಸ್ಪ್ರಿಂಗ್‌ನ ಹಿಗ್ಗುವಿಕೆ ಮಾತ್ರ:

W = ½k(x₂² − x₁²)

ಇಲ್ಲಿ k ಅಂದರೆ ಒಂದು ಮಿಮೀಗೆ ಬೇಕಾದ ಆ 2 ನ್ಯೂಟನ್. ಆರಂಭದಲ್ಲಿ ಹಿಗ್ಗಿದ್ದು x₁ 37.2 ಮಿಮೀ, ಕೊನೆಯಲ್ಲಿ x₂ 110 ಮಿಮೀ. ಉತ್ತರ 10.72 ಜೂಲ್. ಎರಡು ದಾರಿಯ ಉತ್ತರ ಕೂಡಿಬರದಿದ್ದರೆ ಎಲ್ಲೋ ಲಂಬ ದೂರ ತಪ್ಪಿದೆ ಎಂದೇ ತಿಳಿಯಿರಿ.

ಒಂದು ಎಚ್ಚರಿಕೆ: ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರುವ ಎಳೆತದ ಸ್ಪ್ರಿಂಗ್‌ಗಳಲ್ಲಿ ಆರಂಭಿಕ ಬಿಗಿತ ಇರುತ್ತದೆ. ಅಷ್ಟು ಬಲ ದಾಟುವವರೆಗೆ ಅವು ಬಿಚ್ಚಿಕೊಳ್ಳುವುದೇ ಇಲ್ಲ. ಅದು 15 ನ್ಯೂಟನ್ ಇದ್ದರೆ, ನಮ್ಮ ಲಿವರ್‌ನಲ್ಲಿ ಸ್ಪ್ರಿಂಗ್ ಉದ್ದವಾಗುವ 72.8 ಮಿಮೀಗೆ ಇನ್ನೂ 1.1 ಜೂಲ್ ಸೇರಿಸಬೇಕು. ಮೇಲಿನ ಸೂತ್ರದಲ್ಲಿ ಅದು ಇಲ್ಲ.

ಮತ್ತೆ ನಮ್ಮ ಫಿಟ್ಟರ್‌ನ ವಿಷಯ. ಅವನ ಲಿವರ್ 180ರಲ್ಲಿ ಅಲ್ಲ, ಅದನ್ನು ದಾಟಿ 185ರಲ್ಲಿ ಒಂದು ತಡೆಗೆ ಒರಗಿ ನಿಂತಿತ್ತು. ಇಂಥ ಲಿವರ್‌ಗಳನ್ನು ಹಾಗೇ ಮಾಡುತ್ತಾರೆ, ಡೆಡ್ ಸೆಂಟರ್, ಅಂದರೆ ಟಾರ್ಕ್ ಸೊನ್ನೆಯಾಗುವ ಆ 180ರ ಜಾಗ, ದಾಟಿದ ಮೇಲೆ ಸ್ಪ್ರಿಂಗೇ ಅದನ್ನು ತಡೆಗೆ ಒತ್ತಿ ಹಿಡಿಯುತ್ತದೆ. 185ರಲ್ಲಿ ಲಂಬ ದೂರ 3.3 ಮಿಮೀ, ಟಾರ್ಕ್ 0.72. ಹಿಡಿ 300 ಮಿಮೀ ದೂರದಲ್ಲಿದ್ದರೆ ಅಲ್ಲಿ ಬೇಕಾದ ಬಲ 2.4 ನ್ಯೂಟನ್, ಕಾಲು ಕಿಲೋ ತೂಕದಷ್ಟು. 185ರಿಂದ 180ಕ್ಕೆ ಹಿಂದೆ ತಳ್ಳಲು ಬೇಕಾದ ಕೆಲಸ 0.03 ಜೂಲ್. ಪಿವಟ್‌ನ ಘರ್ಷಣೆ ಇದಕ್ಕೆ ಒಂದಿಷ್ಟು ಸೇರಿಸೀತು. ತಡೆಪಿನ್ ಇದ್ದದ್ದು ಈ ಪುಟ್ಟ ದಿಬ್ಬವನ್ನು ಯಾರೂ ತಿಳಿಯದೆ ದಾಟಿಸಬಾರದೆಂದು. ಪಿನ್ ಹೋದ ಮೇಲೆ ತೋಳು ತಾಗಿದ್ದು ಸಾಕಾಯಿತು. ದಿಬ್ಬದ ಆಚೆ ಕಾದಿದ್ದದ್ದು 10.7 ಜೂಲ್. 300 ಗ್ರಾಂ ತೂಕದ, 300 ಮಿಮೀ ಉದ್ದದ ಕಡ್ಡಿಗೆ ಅಷ್ಟೂ ಸಿಕ್ಕರೆ ಅದರ ತುದಿ ಸೆಕೆಂಡಿಗೆ 14 ಮೀಟರ್ ಮೀರಿದ ವೇಗದಲ್ಲಿ ಬರುತ್ತದೆ. ಘರ್ಷಣೆ ಅದನ್ನು ಸ್ವಲ್ಪ ತಗ್ಗಿಸಬಹುದು, ಆದರೆ ಬೆರಳಿಗೆ ಅದರಿಂದ ಏನೂ ಲಾಭವಿಲ್ಲ.

ನಿಮ್ಮ ಲಿವರ್‌ನ ರೇಖಾಚಿತ್ರ ಕೈಯಲ್ಲಿಲ್ಲದಿದ್ದರೆ ಅಳೆದು ನೋಡಿ. ಹಿಡಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಲಿವರ್‌ಗೆ ಸದಾ ಲಂಬವಾಗಿರುವಂತೆ ಎಳೆಯಿರಿ. ಓರೆಯಾಗಿ ಎಳೆದರೆ ಓದು ಸುಮ್ಮನೆ ಹೆಚ್ಚು ಬರುತ್ತದೆ. ಪ್ರತಿ 15 ಅಥವಾ 30 ಡಿಗ್ರಿಗೆ ಹೋಗುವಾಗ ಒಂದು ಸಲ, ಬಿಡುತ್ತಾ ಹಿಂದೆ ಬರುವಾಗ ಇನ್ನೊಂದು ಸಲ ಬರೆದುಕೊಳ್ಳಿ. ಹೋಗುವಾಗಿನ ಗೆರೆ ಮೇಲಿರುತ್ತದೆ, ಬರುವಾಗಿನದು ಕೆಳಗೆ. ನಡುವಿನ ವಿಸ್ತೀರ್ಣ ಘರ್ಷಣೆ ತಿಂದ ಕೆಲಸ, ಎರಡರ ಸರಾಸರಿ ಹೆಚ್ಚು ಕಡಿಮೆ ಸ್ಪ್ರಿಂಗ್‌ನದು. ಅಳೆಯುವಾಗ ಲಿವರ್ ಹಿಂದಕ್ಕೆ ಚಿಮ್ಮಬಹುದಾದ ದಾರಿಯಲ್ಲಿ ಕೈಯಾಗಲಿ ಮುಖವಾಗಲಿ ಇರದಂತೆ ನಿಲ್ಲಿ. ರಿಪೇರಿಯ ಹೊತ್ತಿನಲ್ಲಂತೂ ಮೊದಲು ಲಿವರನ್ನು ಹಿಡಿದುಕೊಂಡು 60 ಡಿಗ್ರಿಗೆ ಮೆಲ್ಲಗೆ ಇಳಿಸಿ. ಅಲ್ಲೂ ಸ್ಪ್ರಿಂಗ್ 37 ಮಿಮೀ ಹಿಗ್ಗಿಯೇ ಇರುತ್ತದೆ, ಆದ್ದರಿಂದ ಬೇರೆ ಏನನ್ನು ಬಿಚ್ಚುವ ಮುಂಚೆಯೂ ಅದರ ಕೊಕ್ಕೆಯನ್ನು ಹಿಡಿತದಲ್ಲಿಟ್ಟು ಬಿಡಿಸಿ.