ಸ್ಪೋಕ್ ಬಿಗಿ ಮಾಡಿದಷ್ಟೂ ಚಕ್ರ ಜಾಸ್ತಿ ಆಡುತ್ತಿದೆ, ಯಾಕೆ?

ಪ್ರಶ್ನೆ: ರಸ್ತೆ ಗುಂಡಿಗೆ ಇಳಿದ ಮೇಲೆ ಸೈಕಲ್ಲಿನ ಮುಂದಿನ ಚಕ್ರ ಬೆಂಡ್ ಆಗಿದೆ. ಪ್ರತಿ ಸುತ್ತಿನಲ್ಲೂ ಒಂದು ಸಲ ರಿಮ್ ಹೋಗಿ ಬ್ರೇಕ್ ರಬ್ಬರ್‌ಗೆ ಉಜ್ಜುತ್ತದೆ. ಸ್ಪೋಕ್ ಕೀ ತಂದು, ಸೈಕಲ್ ತಲೆಕೆಳಗು ನಿಲ್ಲಿಸಿ, ಆ ಜಾಗದ ಸ್ಪೋಕ್‌ಗಳನ್ನೆಲ್ಲ ಬಿಗಿ ಮಾಡಿದೆ. ಈಗ ಮೊದಲಿಗಿಂತ ಜಾಸ್ತಿ ಆಡುತ್ತಿದೆ. ಏನು ತಪ್ಪಾಯಿತು?

ಉತ್ತರ: ನೀವು ಬಿಗಿ ಮಾಡಿರುವುದೇ ಅನುಮಾನ. ಸಡಿಲ ಮಾಡಿರಬಹುದು. ಸೈಕಲ್ ತಲೆಕೆಳಗಾಗಿ ನಿಂತಾಗ ಬ್ರೇಕ್ ಇರುವ ಜಾಗ ಕೆಳಗೆ ಬರುತ್ತದೆ. ನೀವು ಮೇಲಿಂದ ಬಗ್ಗಿ, ಹಬ್ ಕಡೆಯಿಂದ ನಿಪ್ಪಲ್ ನೋಡುತ್ತಿರುತ್ತೀರಿ. ನಿಪ್ಪಲ್ ಅಂದರೆ ರಿಮ್ಮಿನ ಹತ್ತಿರ ಸ್ಪೋಕಿನ ತುದಿಯಲ್ಲಿರುವ, ಕೀ ಹಾಕಿ ತಿರುಗಿಸುವ ಸಣ್ಣ ನಟ್. ಆದರೆ ನಿಪ್ಪಲ್ಲಿನ ತಲೆ ಇರುವುದು ಟೈರ್ ಒಳಗೆ. ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಬಿಗಿ ಅನ್ನುವ ಲೆಕ್ಕ ಟೈರ್ ಕಡೆಯಿಂದ ನೋಡುವವರಿಗೆ ಮಾತ್ರ ಸರಿ. ಹಬ್ ಕಡೆಯಿಂದ ನೋಡಿದರೆ ಎಲ್ಲ ಉಲ್ಟಾ: ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಬಿಗಿ. ಗೊಂದಲ ಆದರೆ ಆ ಸ್ಪೋಕನ್ನು ಬೆರಳಿಂದ ಮೀಟಿ ನೋಡಿ. ಸದ್ದು ಏರಿದರೆ ಬಿಗಿಯಾಗಿದೆ, ಇಳಿದರೆ ಸಡಿಲವಾಗಿದೆ.

ದಿಕ್ಕು ಸರಿಯಿದ್ದರೂ ಅಲ್ಲಿನದನ್ನೆಲ್ಲ ಬಿಗಿ ಮಾಡಿದರೆ ಬೆಂಡ್ ಹೋಗುವುದಿಲ್ಲ. ಸ್ಪೋಕ್‌ಗಳು ಒಂದು ಬಿಟ್ಟು ಒಂದು ಹಬ್ಬಿನ ಎಡಕ್ಕೂ ಬಲಕ್ಕೂ ಹೋಗಿರುತ್ತವೆ ಅಲ್ವಾ? ಪ್ರತಿಯೊಂದೂ ರಿಮ್ಮನ್ನು ತನ್ನ ಕಡೆಗೆ ಎಳೆಯುತ್ತದೆ. ಎರಡೂ ಕಡೆಯವನ್ನು ಬಿಗಿ ಮಾಡಿದರೆ ಪಕ್ಕದ ಎಳೆತ ಹಾಗೇ ಉಳಿಯುತ್ತದೆ, ರಿಮ್ ಮಾತ್ರ ಅಲ್ಲಿ ಹಬ್ಬಿನ ಕಡೆಗೆ ತಗ್ಗುತ್ತದೆ. ಆಗ ಚಕ್ರ ಅಡ್ಡಕ್ಕೆ ಆಡುವುದರ ಜೊತೆಗೆ ಕುಣಿಯಲೂ ಶುರು ಮಾಡುತ್ತದೆ. ಇದನ್ನು ಸರಿ ಮಾಡುವುದು ಬೆಂಡ್ ತೆಗೆಯುವುದಕ್ಕಿಂತ ತಲೆನೋವಿನ ಕೆಲಸ.

ಮತ್ತೆ ಕೀ ಹಿಡಿಯುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ರಿಮ್ ಹಿಡಿದು ಅಕ್ಕಪಕ್ಕಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಹಬ್ಬಿನ ಬೇರಿಂಗ್ ಸಡಿಲವಾಗಿದೆ, ಮೊದಲು ಅದನ್ನು ಸರಿ ಮಾಡಿಸಬೇಕು. ಸ್ಪೋಕ್ ಮುರಿದಿದ್ದರೆ ಹೊಸದು ಹಾಕಿದ ಮೇಲೆಯೇ ಮುಂದಿನ ಮಾತು.

ಈಗ ನಿಮ್ಮ ಚಕ್ರವನ್ನೇ ತೆಗೆದುಕೊಳ್ಳೋಣ. ನಿಧಾನಕ್ಕೆ ತಿರುಗಿಸಿ, ರಿಮ್ ರಬ್ಬರ್‌ಗೆ ಹತ್ತಿರವಾಗುವ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಟೈರ್ ನೋಡಬೇಡಿ, ಅದು ಒಂದೊಂದು ಸಲ ಸುಮ್ನೆ ಸೊಟ್ಟಗೆ ಕೂತಿರುತ್ತದೆ. ಡಿಸ್ಕ್ ಬ್ರೇಕ್ ಸೈಕಲ್ ಆದರೆ ಫೋರ್ಕಿಗೆ ಕೇಬಲ್ ಟೈ ಬಿಗಿದು, ಅದರ ತುದಿಯನ್ನು ರಿಮ್ ಹತ್ತಿರಕ್ಕೆ ತನ್ನಿ. ತಲೆಕೆಳಗಾದ ಸೈಕಲ್ಲಿಗೆ ಎಡ ಬಲ ಲೆಕ್ಕ ಹಾಕುತ್ತಾ ಕೂರಬೇಡಿ. ಉಜ್ಜುವ ಕಡೆ, ಆಚೆ ಕಡೆ ಅಂದುಕೊಂಡರೆ ಸಾಕು.

ಗುರುತಿನ ಮಧ್ಯದಲ್ಲಿ ಉಜ್ಜುವ ಕಡೆಯ ಸ್ಪೋಕ್ ಇದೆ ಅಂದುಕೊಳ್ಳಿ. ಅದನ್ನು ಕಾಲು ಸುತ್ತು ಸಡಿಲ ಮಾಡಿ. ಅದರ ಅಕ್ಕಪಕ್ಕದ ಎರಡೂ ಆಚೆ ಕಡೆಯವು. ಅವನ್ನು ತಲಾ ಅರೆಕಾಲು ಸುತ್ತು ಬಿಗಿ ಮಾಡಿ. ಬಿಟ್ಟದ್ದು ಕಾಲು ಸುತ್ತು, ಬಿಗಿದದ್ದೂ ಒಟ್ಟಿಗೆ ಕಾಲು ಸುತ್ತು. ಹೀಗಾಗಿ ರಿಮ್ ಪಕ್ಕಕ್ಕೆ ಸರಿಯುತ್ತದೆ, ತಗ್ಗುವುದೂ ಇಲ್ಲ, ಉಬ್ಬುವುದೂ ಇಲ್ಲ. ಮಧ್ಯದಲ್ಲಿ ಆಚೆ ಕಡೆಯ ಸ್ಪೋಕ್ ಇದ್ದರೆ ಅದನ್ನು ಕಾಲು ಸುತ್ತು ಬಿಗಿ ಮಾಡಿ, ಪಕ್ಕದವನ್ನು ಅರೆಕಾಲು ಬಿಡಿ. ನೀವು ಈಗಾಗಲೇ ಎಲ್ಲವನ್ನೂ ಸಡಿಲ ಮಾಡಿದ್ದರೆ ಮಾತ್ರ ಏನನ್ನೂ ಬಿಡದೆ, ಆಚೆ ಕಡೆಯವನ್ನಷ್ಟೇ ಬಿಗಿ ಮಾಡುತ್ತಾ ಬನ್ನಿ. ಪ್ರತಿ ಸಲವೂ ಚಕ್ರ ತಿರುಗಿಸಿ ನೋಡಿ, ಆಮೇಲೆ ಮುಂದುವರಿಯಿರಿ.

ಕೀ ಅಳತೆಗೆ ಸರಿಯಿರಬೇಕು. ಸುತ್ತಲೂ ಕಚ್ಚುಗಳಿರುವ ದುಂಡನೆಯ ಕೀ ಆದರೆ, ನಿಪ್ಪಲ್ಲಿಗೆ ಕೂರುವ ಎಲ್ಲಕ್ಕಿಂತ ಚಿಕ್ಕ ಕಚ್ಚನ್ನೇ ಬಳಸಿ. ಸಡಿಲವಾಗಿ ಕೂತರೆ ನಿಪ್ಪಲ್ಲಿನ ಮೂಲೆ ಸವೆದು, ಆಮೇಲೆ ಯಾವ ಕೀಯೂ ಹಿಡಿಯುವುದಿಲ್ಲ. ತುಕ್ಕು ಹಿಡಿದಿದ್ದರೆ ಸ್ಪೋಕ್ ನಿಪ್ಪಲ್ ಒಳಗೆ ಹೋಗುವ ಕಡೆ ಒಂದು ಹನಿ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ರಿಮ್ಮಿನ ಮೇಲೆ ಎಣ್ಣೆ ಬಿದ್ದರೆ ಒರೆಸಿಬಿಡಿ, ಇಲ್ಲದಿದ್ದರೆ ಬ್ರೇಕ್ ಹಿಡಿಯುವುದಿಲ್ಲ.

ಆಟ ಒಂದು ಮಿಲಿಮೀಟರ್ ಒಳಗೆ ಬಂದರೆ ಅಲ್ಲಿಗೆ ಬಿಡಿ. ಕೊನೆಗೆ ಒಂದೇ ಕಡೆಯ ಸ್ಪೋಕ್‌ಗಳನ್ನು ಎರಡೆರಡಾಗಿ ಕೈಯಲ್ಲಿ ಹಿಂಡುತ್ತಾ ಚಕ್ರದ ಸುತ್ತ ಬನ್ನಿ. ಕೆಲವು ಸ್ಪೋಕ್ ನಿಪ್ಪಲ್ ಜೊತೆಗೇ ತಿರುಚಿಕೊಂಡಿರುತ್ತವೆ. ಹಿಂಡಿದಾಗ ಟಿಣ್ ಅಂತ ಬಿಡುತ್ತವೆ. ಅದಾದ ಮೇಲೆ ಇನ್ನೊಮ್ಮೆ ನೋಡಿದರೆ ಅಲ್ಪಸ್ವಲ್ಪ ಬೆಂಡ್ ಮರಳಿರುವುದುಂಟು, ಅದನ್ನು ಮತ್ತೆ ತೆಗೆಯಿರಿ.

ಆಚೆ ಕಡೆಯ ಸ್ಪೋಕ್ ಕಲ್ಲಿನಷ್ಟು ಬಿಗಿಯಾಗಿ, ಉಜ್ಜುವ ಕಡೆಯದು ಜೋತು ಬಿದ್ದು, ಆಗಲೂ ರಿಮ್ ಅದೇ ಕಡೆಗೆ ಹೋದರೆ ಗುಂಡಿಯ ಪೆಟ್ಟಿಗೆ ರಿಮ್ಮೇ ಬಾಗಿದೆ. ಅಲ್ಲಿಗೆ ಕೀ ಕೆಳಗಿಡಿ. ಹಬ್ ಚೆನ್ನಾಗಿದ್ದರೆ ಇಡೀ ಚಕ್ರ ಕೊಳ್ಳಬೇಕಿಲ್ಲ, ಅದೇ ಅಳತೆಯ, ಅಷ್ಟೇ ತೂತುಗಳಿರುವ ಹೊಸ ರಿಮ್ ಹಾಕಿಸಿದರಾಯಿತು.