ಕೊನೆಯ ಹ್ಯಾಂಡ್‌ಶೇಕ್ ಆಗಿ ಎಷ್ಟು ಹೊತ್ತಾಯಿತು?

ಫೋನಿನ ಗುಂಡಿ ಹಸಿರಾದರೆ, ಇಲ್ಲವೇ `wg-quick up` ತಕರಾರಿಲ್ಲದೆ ಮುಗಿದರೆ, ಎರಡು ಯಂತ್ರಗಳ ನಡುವಿನ ಮಾತನ್ನು ಗುಟ್ಟಾಗಿ ಸಾಗಿಸುವ ವೈರ್‌ಗಾರ್ಡ್ ಸುರಂಗ ತೆರೆದುಕೊಂಡಿತೆಂದು ನಂಬುವವರು ಬಹಳ ಮಂದಿ. ಈ ನಂಬಿಕೆಯ ಬಗ್ಗೆ ನನಗೆ ತಾಳ್ಮೆ ಕಡಿಮೆ. ನಮ್ಮ ಬದಿಯ ಬಾಗಿಲು ನಿಂತಿದೆ, ಅದಕ್ಕೆ ಕೀಲಿಯೂ ಇದೆ ಎಂಬುದಷ್ಟನ್ನೇ ಆ ಹಸಿರು ಹೇಳುತ್ತದೆ. ಆಚೆ ಬದಿಯಲ್ಲಿ ಯಾರಾದರೂ ಇದ್ದಾರೆಯೇ ಎಂಬುದನ್ನು ಅದು ವಿಚಾರಿಸಿರುವುದೇ ಇಲ್ಲ. ಜೇಸನ್ ಡಾನನ್‌ಫೆಲ್ಡ್ ರೂಪಿಸಿದ, 2020ರ ಮಾರ್ಚ್‌ನಲ್ಲಿ ಲಿನಕ್ಸ್ 5.6ರೊಂದಿಗೆ ಕರ್ನಲ್ಲಿನ ಭಾಗವಾದ ಈ ವ್ಯವಸ್ಥೆಯಲ್ಲಿ ‘ಸಂಪರ್ಕ ಏರ್ಪಟ್ಟಿದೆ’ ಎಂದು ತೋರಿಸುವ ಸ್ಥಿತಿಯೇ ಇಲ್ಲ. ಹೇಳುವುದೇನೂ ಇಲ್ಲದಿದ್ದಾಗ ಅದು ಸುಮ್ಮನಿರುತ್ತದೆ. ಆದ್ದರಿಂದ ಅದು ಜೀವಂತವಾಗಿದೆಯೇ ಎಂಬುದನ್ನು `wg show` ತೋರಿಸುವ ಎರಡು ಸಾಲುಗಳಿಂದ ನಾವೇ ಊಹಿಸಿಕೊಳ್ಳಬೇಕಾಗುತ್ತದೆ.

ಮೂಡಿಗೆರೆಯ ಕಡೆಯ ಒಂದು ಕಾಫಿ ತೋಟದಲ್ಲಿ ಮಳೆಯ ಅಳತೆಯನ್ನು ದಾಖಲಿಸಲು ಕೈಯಗಲದ ಪುಟ್ಟ ಕಂಪ್ಯೂಟರೊಂದನ್ನು ಇರಿಸಿದ್ದೇನೆ. ಅದು ಮೊಬೈಲ್ ಜಾಲದ ಮೂಲಕ, ವೈರ್‌ಗಾರ್ಡ್ ಸುರಂಗದಲ್ಲಿ, ನಾನು ಬಾಡಿಗೆಗೆ ಪಡೆದಿರುವ ಸರ್ವರಿಗೆ ಅಂಕಿಗಳನ್ನು ಕಳುಹಿಸುತ್ತದೆ. ಕಳೆದ ಮಳೆಗಾಲದಲ್ಲಿ ತೋಟದ ಮನೆಯಲ್ಲೇ ತಂಗಿದ್ದ ಒಂದು ರಾತ್ರಿ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಕರೆಂಟು ಹೋಯಿತು. ಮರಳಿ ಬಂದದ್ದು ಬೆಳಿಗ್ಗೆ ಆರರ ಸುಮಾರಿಗೆ. ಕಂಪ್ಯೂಟರಿನ ದೀಪ ಹೊತ್ತಿತು, ಮೊಬೈಲ್ ಜಾಲವೂ ಸಿಕ್ಕಿತು. ಆದರೆ ಫೋನಿನಿಂದ ಸರ್ವರಿನೊಳಗೆ ಹೋಗಿ ನೋಡಿದಾಗ ಅಲ್ಲಿ ಹೀಗಿತ್ತು:

```
latest handshake: 6 hours, 12 minutes, 40 seconds ago
transfer: 18.42 MiB received, 2.07 MiB sent
```

ಮೊದಲ ಸಾಲಿನ ವಯಸ್ಸನ್ನು ಅಳೆಯುವುದಕ್ಕೆ ಮುಂಚೆ ವೈರ್‌ಗಾರ್ಡ್ ಯಾವಾಗ ಹ್ಯಾಂಡ್‌ಶೇಕ್ ಮಾಡುತ್ತದೆ ಎಂಬುದು ತಿಳಿದಿರಬೇಕು. ಹ್ಯಾಂಡ್‌ಶೇಕಿನಲ್ಲಿ ಎರಡು ಬದಿಗಳೂ ಸೇರಿ ಒಪ್ಪಿಕೊಂಡ ತಾತ್ಕಾಲಿಕ ಕೀಲಿಗೆ 120 ಸೆಕೆಂಡು ತುಂಬಿದ ಮೇಲೆ, ಹ್ಯಾಂಡ್‌ಶೇಕ್ ಆರಂಭಿಸಿದ್ದ ಬದಿಗೆ ಏನಾದರೂ ಕಳುಹಿಸಬೇಕಾಗಿ ಬಂದರೆ ಅದು ಹೊಸ ಕೀಲಿಗಾಗಿ ಮತ್ತೆ ಬಾಗಿಲು ತಟ್ಟುತ್ತದೆ. 180 ಸೆಕೆಂಡು ದಾಟಿದ ಕೀಲಿಯನ್ನು ಎರಡೂ ಬದಿಗಳು ಒಪ್ಪುವುದಿಲ್ಲ. ಹೀಗಾಗಿ ದಟ್ಟಣೆ ಇರುವ ಸುರಂಗದಲ್ಲಿ ಈ ವಯಸ್ಸು ಎರಡು ನಿಮಿಷದ ಆಸುಪಾಸಿಗೆ ಏರಿ ಮತ್ತೆ ಸೊನ್ನೆಗೆ ಬೀಳುತ್ತಿರಬೇಕು. ಏನನ್ನಾದರೂ ಕಳುಹಿಸುತ್ತಿರುವಾಗಲೂ ಅದು ಮೂರು ನಿಮಿಷ ಮೀರಿದರೆ ಸುರಂಗ ಸತ್ತಿದೆ ಎಂದೇ ಅರ್ಥ. ಇಲ್ಲಿ ‘ಕಳುಹಿಸುತ್ತಿರುವಾಗ’ ಎಂಬ ಷರತ್ತನ್ನು ಮರೆಯುವಂತಿಲ್ಲ: ಯಾರೂ ಬಳಸದ ಸುರಂಗದಲ್ಲಿ ‘3 days ago’ ಎಂದಿದ್ದರೂ ಅದು ರೋಗದ ಲಕ್ಷಣವಲ್ಲ, ಬರೀ ನಿದ್ದೆ. ಒಮ್ಮೆ `ping` ಮಾಡಿ ಮತ್ತೆ ನೋಡಿದರೆ ಎಚ್ಚರವಾಗಿರುತ್ತದೆ. ನನ್ನ ತೋಟದ ಕಂಪ್ಯೂಟರಿನಲ್ಲಿ `PersistentKeepalive = 25` ಎಂದು ಬರೆದಿದ್ದುದರಿಂದ ಅದು 25 ಸೆಕೆಂಡಿಗೊಮ್ಮೆ ಏನಾದರೂ ಕಳುಹಿಸಲೇಬೇಕಿತ್ತು. ಆದ್ದರಿಂದ ಆ ಆರು ಗಂಟೆಯನ್ನು ನಿದ್ದೆ ಎನ್ನುವಂತಿರಲಿಲ್ಲ.

ಎರಡನೆಯ ಸಾಲಿನ ಎರಡು ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. sent ಎಂಬುದು ಅಂಚೆ ಡಬ್ಬಿಗೆ ಹಾಕಿದ ಕಾಗದಗಳ ಲೆಕ್ಕ. ಕಾಗದ ತಲುಪಿತೇ, ಮಳೆಯಲ್ಲಿ ನೆನೆದು ಹಾಳಾಯಿತೇ ಎಂಬುದು ಅದಕ್ಕೆ ಗೊತ್ತಿಲ್ಲ. received ಎಂಬುದು ರಿಜಿಸ್ಟರ್ಡ್ ಅಂಚೆಯ ಸ್ವೀಕೃತಿ ಕಾರ್ಡು ಸಹಿಯೊಂದಿಗೆ ಹಿಂದಿರುಗಿದಂತೆ: ಆಚೆ ಬದಿಯ ಕೀಲಿಯಿಂದ ಬಂದದ್ದೆಂದು ಪರೀಕ್ಷೆಯಲ್ಲಿ ಗೆದ್ದ ಪ್ಯಾಕೆಟ್ ಮಾತ್ರ ಅಲ್ಲಿ ಜಮೆಯಾಗುತ್ತದೆ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಕಣಿವೆಯ ಈಚೆ ನಿಂತು ಎಷ್ಟು ಸಲ ಕೂಗು ಹಾಕಿದೆ ಎಂಬುದು sent, ಆಚೆ ಗುಡ್ಡದಿಂದ ಪರಿಚಿತ ದನಿಯ ಓಗೊಡುವಿಕೆ ಎಷ್ಟು ಸಲ ಕೇಳಿತು ಎಂಬುದು received. ಮೇಲೆ ಹೇಳಿದ 25 ಸೆಕೆಂಡಿನ ಕೂಗಿಗಂತೂ ಓಗೊಡುವ ನಿಯಮವೇ ಇಲ್ಲ. ಅದು 32 ಬೈಟಿನ ಖಾಲಿ ಪ್ಯಾಕೆಟ್. ಮೊಬೈಲ್ ಜಾಲ ನಮಗಾಗಿ ತೆರೆದಿಟ್ಟ ದಾರಿ ಮುಚ್ಚದಂತೆ ನೋಡಿಕೊಳ್ಳುವುದೊಂದೇ ಅದರ ಕೆಲಸ. ಅದರಿಂದ sent ಬೆಳೆಯುತ್ತಿರುವುದನ್ನು ಕಂಡು ಸಮಾಧಾನಪಡುವುದು ಎಳ್ಳಷ್ಟೂ ತರವಲ್ಲ.

ಅಂಕಿಗಳ ಗಾತ್ರವೂ ಮಾತಾಡುತ್ತದೆ. ನನಗೆ ಇದರಲ್ಲೇ ಹೆಚ್ಚು ಖುಷಿ. ಬಾಗಿಲು ತಟ್ಟುವ ಪ್ಯಾಕೆಟ್ ಯಾವಾಗಲೂ 148 ಬೈಟ್, ಅದಕ್ಕೆ ಬರುವ ಉತ್ತರ 92 ಬೈಟ್. ಲಿನಕ್ಸಿನ ಸಾಮಾನ್ಯ `ping` ಪ್ಯಾಕೆಟ್ 84 ಬೈಟ್ ಇರುತ್ತದೆ. ವೈರ್‌ಗಾರ್ಡ್ ಅದನ್ನು 16ರ ಗುಣಕವಾದ 96ಕ್ಕೆ ತುಂಬಿಸಿ, ತನ್ನ 32 ಬೈಟ್ ಸೇರಿಸಿ 128 ಮಾಡುತ್ತದೆ. ಬೇರೆ ದಟ್ಟಣೆ ಇಲ್ಲದ, ಆಗಲೇ ಎಚ್ಚರವಾಗಿರುವ ಸುರಂಗದಲ್ಲಿ ನಾಲ್ಕು `ping` ಕಳುಹಿಸಿದರೆ ಎರಡೂ ಲೆಕ್ಕಗಳು 512 ಬೈಟ್ ಏರಬೇಕು. sent ಮಾತ್ರ ಏರಿ received ಅಲ್ಲೇ ನಿಂತರೆ ಓಗೊಡುವಿಕೆ ಬಂದಿಲ್ಲ.

ತೋಟದ ಕಂಪ್ಯೂಟರಿಗೆ ಲ್ಯಾಪ್‌ಟಾಪ್ ಜೋಡಿಸಿ ನೋಡಿದೆ. latest handshake ಎಂಬ ಸಾಲೇ ಇರಲಿಲ್ಲ. ಒಮ್ಮೆಯೂ ಹ್ಯಾಂಡ್‌ಶೇಕ್ ಆಗದಿದ್ದರೆ ಆ ಸಾಲು ಮೂಡುವುದಿಲ್ಲ. ಇದ್ದದ್ದು ಇಷ್ಟೇ:

```
transfer: 0 B received, 5.06 KiB sent
```

ದುಂಡಾಗಿಸದ ಅಂಕಿಗಾಗಿ `wg show wg0 transfer` ಕೊಟ್ಟಾಗ 5180 ಎಂದು ಬಂತು. ಅದನ್ನು 148ರಿಂದ ಭಾಗಿಸಿದರೆ ಶೇಷವಿಲ್ಲದೆ 35. ಅಂದರೆ ಹೋದದ್ದೆಲ್ಲ ಬಾಗಿಲು ತಟ್ಟಿದ ಸದ್ದೇ. ಮಳೆಯ ಒಂದು ಅಂಕಿಯೂ ಹೊರಟಿಲ್ಲ. ಉತ್ತರ ಬಾರದಿದ್ದರೆ ಸುಮಾರು 5 ಸೆಕೆಂಡಿಗೊಮ್ಮೆ ಮತ್ತೆ ತಟ್ಟುವುದು, 90 ಸೆಕೆಂಡು ಕಳೆದರೆ ಸ್ವಲ್ಪ ಸುಮ್ಮನಾಗುವುದು ಅದರ ಕ್ರಮ. ಕರೆಂಟು ಬಂದು ನಾಲ್ಕು ನಿಮಿಷವಾಗಿತ್ತು, ಲೆಕ್ಕ ತಾಳೆಯಾಯಿತು.

ಇನ್ನುಳಿದದ್ದು ಆ ಸದ್ದು ಸರ್ವರಿನವರೆಗೆ ಹೋಗುತ್ತಿದೆಯೇ ಎಂಬ ಪ್ರಶ್ನೆ. ಅದನ್ನು `wg show` ಹೇಳಲಾರದು, ಏಕೆಂದರೆ ಪರೀಕ್ಷೆಯಲ್ಲಿ ಸೋತ ಪ್ಯಾಕೆಟ್ಟನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಂದುಹೋಗುವ ಪ್ಯಾಕೆಟ್‌ಗಳನ್ನೆಲ್ಲ ತೋರಿಸುವ ಈ ಆದೇಶವನ್ನು ಸರ್ವರಿನಲ್ಲಿ ಕೊಟ್ಟೆ:

```
tcpdump -ni any udp port 51820
```

148 ಬೈಟಿನ ಪ್ಯಾಕೆಟ್‌ಗಳು ಒಂದರ ಹಿಂದೊಂದು ಬರುತ್ತಿದ್ದವು, ಸರ್ವರು ಯಾವುದಕ್ಕೂ ಬಾಯಿ ಬಿಡುತ್ತಿರಲಿಲ್ಲ, ಅದರ received ಅಂಕಿಯೂ ಅಲುಗುತ್ತಿರಲಿಲ್ಲ. ದಾರಿ ಸರಿಯಿದೆ, ತಟ್ಟಿದವನನ್ನು ಒಳಗಿನವರು ನಂಬುತ್ತಿಲ್ಲ ಎಂದಾಯಿತು. ಪರಸ್ಪರ ಗುರುತಿಸಿಕೊಳ್ಳುವ ಕಾಯಂ ಕೀಲಿ ನಿನ್ನೆಯದೇ, ಬದಲಾಗಿಲ್ಲ. ತೋಟದ ಕಂಪ್ಯೂಟರಿನಲ್ಲಿ `date` ಎಂದು ಕೊಟ್ಟಾಗ ಕಾರಣ ಕಣ್ಣೆದುರಿಗೇ ಬಂತು: ಅದರ ಪ್ರಕಾರ ಇನ್ನೂ ಹಿಂದಿನ ರಾತ್ರಿ 11 ಗಂಟೆ 21 ನಿಮಿಷ.

ಆ ಯಂತ್ರದಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಗಂಟೆಗೊಮ್ಮೆ ಸಮಯವನ್ನು ಕಡತದಲ್ಲಿ ಬರೆದಿಟ್ಟು, ಹೊತ್ತಿಕೊಂಡಾಗ ಅಲ್ಲಿಂದಲೇ ಎಣಿಕೆ ಮುಂದುವರಿಸುತ್ತದೆ. ಬಾಗಿಲು ತಟ್ಟುವ ಪ್ರತಿ ಪ್ಯಾಕೆಟ್ಟಿನೊಳಗೆ ಕಳುಹಿಸಿದ ಸಮಯವೂ ಇರುತ್ತದೆ. ಹಳೆಯ ಪ್ಯಾಕೆಟ್ಟನ್ನು ಕದ್ದು ಮತ್ತೆ ಕಳುಹಿಸುವವರನ್ನು ತಡೆಯಲು ಸರ್ವರು ಪ್ರತಿ ಪೀರ್‌ನಿಂದ, ಎಂದರೆ ಆಚೆ ಬದಿಯ ಪ್ರತಿ ಯಂತ್ರದಿಂದ, ತಾನು ಒಪ್ಪಿದ ಅತ್ಯಂತ ಇತ್ತೀಚಿನ ಸಮಯವನ್ನು ನೆನಪಿಟ್ಟುಕೊಂಡು, ಅದಕ್ಕಿಂತ ಹಿಂದಿನದನ್ನು ಸದ್ದಿಲ್ಲದೆ ಎಸೆಯುತ್ತದೆ. ಸರ್ವರಿನ ನೆನಪಿನಲ್ಲಿ 11 ಗಂಟೆ 52 ನಿಮಿಷ ಇತ್ತು. ಏನೂ ಮಾಡದೆ ಅರ್ಧ ಗಂಟೆ ಕಾದಿದ್ದರೆ ಆ ಹಿಂದುಳಿದ ಗಡಿಯಾರವೂ 11:52 ದಾಟಿ, ಸುರಂಗ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ‘ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿಹೋಗುತ್ತದೆ’ ಎಂದು ತೋಟದ ರೈಟರು ಹಿಂದೊಮ್ಮೆ ಹೇಳಿದಾಗ ನಾನು ನಕ್ಕಿದ್ದೆ. ಅವರು ಕಂಡಿದ್ದು ನಿಜವೇ ಆಗಿತ್ತು.

`date -s` ಕೊಟ್ಟು ಕೈಯಾರೆ ಸಮಯ ತಿದ್ದಿದೆ. ಮುಂದಿನ ತಟ್ಟುವಿಕೆಗೆ 92 ಬೈಟಿನ ಉತ್ತರ ಬಂತು, latest handshake ಸಾಲು ಮೂಡಿತು. ಹೀಗೆ ತಿದ್ದುವಾಗ ಇಸವಿಯನ್ನೋ ತಿಂಗಳನ್ನೋ ತಪ್ಪಾಗಿ ಮುಂದಕ್ಕೆ ಇಟ್ಟರೆ ಸರ್ವರು ಆ ಭವಿಷ್ಯದ ಸಮಯವನ್ನೇ ನೆನಪಿಟ್ಟುಕೊಳ್ಳುತ್ತದೆ. ಬಳಿಕ ಸರಿಯಾದ ಸಮಯದಲ್ಲಿ ತಟ್ಟಿದರೂ, ಸರ್ವರಿನಲ್ಲಿ ಆ ಪೀರನ್ನು ತೆಗೆದು ಮತ್ತೆ ಸೇರಿಸುವವರೆಗೆ, ಒಳಗೆ ಬಿಡುವುದಿಲ್ಲ. ಇಂಟರ್ನೆಟ್ಟಿನಿಂದ ಕಂಪ್ಯೂಟರು ತಾನೇ ಸಮಯ ಕೇಳಿ ತಿದ್ದಿಕೊಳ್ಳಬಹುದಿತ್ತಲ್ಲ ಎಂದರೆ, ತಪ್ಪು ನನ್ನದೇ: `AllowedIPs = 0.0.0.0/0` ಎಂದು, ಅಂದರೆ ಎಲ್ಲ ದಟ್ಟಣೆಯೂ ಸುರಂಗದಲ್ಲೇ ಹೋಗಲಿ ಎಂದು ಬರೆದು ಸಮಯ ಕೇಳುವ ಪ್ಯಾಕೆಟ್ಟನ್ನೂ ಅದೇ ಮುಚ್ಚಿದ ಸುರಂಗಕ್ಕೆ ನೂಕಿದ್ದೆ. ಈಗ ಅಲ್ಲಿ `10.8.0.0/24` ಎಂದಷ್ಟೇ ಇದೆ, ಸಮಯ ಕೇಳುವ ಕೆಲಸ ಸುರಂಗದ ಹೊರಗೆ ನಡೆಯುತ್ತದೆ.